ಬಸುರಿಯಲ್ಲ, ಆದರೂ ಬಸುರಿಯಾದ ಕನಸು: ಗುಂಪಿನ ಪ್ರಶ್ನೋತ್ತರ

ಸವಿತಾ, ಪಾಂಡವಪುರ: ಮೇಡಂ ನಮಸ್ತೆ. ನನಗೆ 38. ಮಕ್ಕಳಿಬ್ಬರೂ ಹೈಸ್ಕೂಲು. ಇತ್ತೀಚೆಗೆ ಆಗಾಗ ಒಂದೇ ಕನಸು. ನಾನು ತುಂಬಿದ ಬಸುರಿ. ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ಸಂತೆಯಲ್ಲಿ ಓಡಾಡುತ್ತಿರುತ್ತೇನೆ. ಯಾರೋ "ಎಷ್ಟು ತಿಂಗಳು?" ಅಂತಾರೆ, ನನಗೆ ಲೆಕ್ಕವೇ ಸಿಗಲ್ಲ. ತೀರಿಕೊಂಡ ಅಮ್ಮ ಬಂದು ಮಡಿಲು ತುಂಬುತ್ತಾರೆ. ಮುಟ್ಟು ಸರಿಯಾಗಿಯೇ ಆಗುತ್ತಿದೆ. ಹೊಸ ಕೆಲಸ ಶುರುವಾಗುವ ಸೂಚನೆ ಅಂತ ಒಬ್ಬರು ಹೇಳಿದರು. ಹೌದಾ?

ಮೇಡಂ (ಆಪ್ತಸಮಾಲೋಚಕಿ, ಮೈಸೂರು): ಮೊದಲು ನೀವು ಹೇಳಿ. ಹೊಸದಾಗಿ ಏನಾದರೂ ಕೈಗೆತ್ತಿಕೊಂಡಿದ್ದೀರಾ? ಮನೆಯಲ್ಲಿ ಯಾರಿಗೆ ಗೊತ್ತು? ಎಚ್ಚರವಾದ ತಕ್ಷಣ ಏನನ್ನಿಸುತ್ತೆ?

ಸವಿತಾ: ಬೆಲ್ಲದ ಪುಡಿ ಮಾಡಿ ಮೈಸೂರಲ್ಲಿ ಮಾರಬೇಕು ಅಂತಿದ್ದೇನೆ. ನಮ್ಮ ಭಾವನ ಆಲೆಮನೆಯಲ್ಲಿ ಬೆಲ್ಲದ ಬಣ್ಣ ತಿಳಿಯಾಗಿಸೋ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಲ್ಲ, ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಾರೆ. ಪ್ಯಾಕಿಂಗ್ ಮೆಷಿನ್ನಿಗೆ ಅಡ್ವಾನ್ಸ್ ಕೊಟ್ಟಾಯ್ತು. ನಮ್ಮನೆಯವರಿಗೆ ಇನ್ನೂ ಹೇಳಿಲ್ಲ, ತಂಗಿಗೆ ಮಾತ್ರ ಗೊತ್ತು. ಎಚ್ಚರವಾದಾಗ ಭಯ ಅಂತಲ್ಲ, ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತೆ.

ಗುರುಮೂರ್ತಿ, ಕುವೆಂಪುನಗರ: ಇದರಲ್ಲಿ ಕೇಳೋದೇನಿದೆ? ಗರ್ಭ ಅಂದರೆ ಸೃಷ್ಟಿ. ಮನಶ್ಶಾಸ್ತ್ರಜ್ಞ ಯೂಂಗ್ ಹೇಳಿದ್ದೇ ಅದು. ಅವನಿಗಿಂತ ಬಹಳ ಹಿಂದೆ ಸಾಕ್ರಟೀಸ್ ಕೂಡ, ನನ್ನ ತಾಯಿ ಸೂಲಗಿತ್ತಿ, ನಾನು ಜನರ ಆಲೋಚನೆಗೆ ಹೆರಿಗೆ ಮಾಡಿಸುತ್ತೇನೆ ಅಂದಿದ್ದ. ಬಸುರಿನ ಕನಸು ಬಿತ್ತು ಅಂದರೆ ಹೊಸ ಯೋಜನೆ, ಅಷ್ಟೇ.

ಮೇಡಂ: ಗುರುಮೂರ್ತಿಯವರೇ, ಸಾಕ್ರಟೀಸ್ ಮಾತು ಸರಿ, ಪ್ಲೇಟೋ ಬರೆದಿಟ್ಟಿದ್ದಾನೆ. ಯೂಂಗ್ ಬಗ್ಗೆ ಅರ್ಧ ಸರಿ. ಕನಸಿನಲ್ಲಿ ಬರುವ ಮಗುವನ್ನು ಮುಂದೆ ಬೆಳೆಯಬಹುದಾದ ಒಂದು ಹೊಸತು ಅಂತ ಅವನು ನೋಡಿದ್ದು ನಿಜ. ಆದರೆ "ಇದು ಕಂಡರೆ ಇದೇ ಅರ್ಥ" ಅನ್ನೋ ಪಟ್ಟಿಯನ್ನು ಅವನು ಒಪ್ಪುತ್ತಿರಲಿಲ್ಲ. ಕನಸು ಕಂಡವರನ್ನೇ ಕೇಳುತ್ತಿದ್ದ. ಒಂದು ಕನಸಿಗಿಂತ ಸಾಲು ಕನಸುಗಳನ್ನು ನಂಬುತ್ತಿದ್ದ.

ಸವಿತಾ, ನಿಮ್ಮದಕ್ಕೆ ಬರ್ತೀನಿ. ಹಗಲಲ್ಲಿ ತಲೆ ತಿನ್ನುವ ವಿಷಯವೇ ರಾತ್ರಿ ವೇಷ ಹಾಕಿಕೊಂಡು ಬರೋದು ಜಾಸ್ತಿ. ಹಾಗಾಗಿ ಬೆಲ್ಲದ ಪುಡಿ ಈ ಕನಸಿನ ಒಳಗಿದೆ ಅಂತ ನನಗೂ ಅನ್ನಿಸುತ್ತೆ. ಆದರೆ "ಬಸುರು ಅಂದರೆ ಯೋಜನೆ" ಅಂತ ಅಲ್ಲಿಗೇ ನಿಲ್ಲಿಸಿದರೆ ನಿಮಗೆ ಸಿಗೋದು ಏನೂ ಇಲ್ಲ. ನೀವು ಕೆಲಸ ಶುರು ಮಾಡಿದ್ದು ನಿಮಗೆ ಗೊತ್ತೇ ಇದೆಯಲ್ಲ! ಬಸುರು ಹೇಗಿತ್ತು ಅನ್ನೋದನ್ನು ನೋಡಿ.

ನಿಮ್ಮ ಕನಸಿನಲ್ಲಿ ಹೆರಿಗೆ ಇಲ್ಲ, ನೋವಿಲ್ಲ, ಮಗುವೂ ಇಲ್ಲ. ಇರೋದು ಸೆರಗು. ಮುಚ್ಚಿಡೋದೇ ಅಲ್ಲಿ ದೊಡ್ಡ ಕೆಲಸ. ಹಗಲಲ್ಲಿ ಮುಚ್ಚಿಟ್ಟಿರೋದು ಅಡ್ವಾನ್ಸ್ ಕೊಟ್ಟ ವಿಷಯ. ಬಸುರನ್ನು ಎಷ್ಟು ದಿನ ಅಂತ ಮುಚ್ಚಿಡೋಕೆ ಆಗುತ್ತೆ, ಮೆಷಿನ್ ಮನೆ ಬಾಗಿಲಿಗೆ ಬಂದ ದಿನ ಎಲ್ಲರಿಗೂ ಗೊತ್ತಾಗುತ್ತೆ. "ಎಷ್ಟು ತಿಂಗಳು" ಅಂದಾಗ ಲೆಕ್ಕ ಸಿಗಲಿಲ್ಲ ಅಂದಿರಿ. ಮಾರಾಟ ಯಾವಾಗ ಶುರು ಅಂತ ದಿನ ಗೊತ್ತು ಮಾಡಿದ್ದೀರಾ? ಇದು ನನ್ನ ಊಹೆ. ಸರಿಯೋ ತಪ್ಪೋ ನೋಡೋಕೆ ದಾರಿ ಇದೆ. ಎದ್ದ ಕೂಡಲೇ, ಮೊಬೈಲ್ ಮುಟ್ಟೋ ಮುಂಚೆ, ಕನಸನ್ನು ನಾಲ್ಕು ಸಾಲು ಬರೆದಿಡಿ. ಹಿಂದಿನ ದಿನ ಏನಾಯ್ತು ಅಂತ ಪಕ್ಕದಲ್ಲೇ ಬರೆಯಿರಿ. ಮನೆಯವರಿಗೆ ವಿಷಯ ಹೇಳಿದ ಮೇಲೆ ಸೆರಗು ಜಾರಿದರೆ, ಅಥವಾ ಕನಸೇ ನಿಂತರೆ, ಊಹೆಗೆ ಬಲ ಬರುತ್ತೆ. ಹಾಗೇ ಮುಂದುವರಿದರೆ ನಾನು ಹೇಳಿದ್ದನ್ನು ಬಿಟ್ಟುಬಿಡಿ.

ಅಮ್ಮ ಮಡಿಲು ತುಂಬಿದ್ದನ್ನು ಮಾತ್ರ ನಾನು ಬೆಲ್ಲಕ್ಕೆ ಸೇರಿಸಲ್ಲ. ಅದು ಅಮ್ಮನ ವಿಷಯ ಇರಬಹುದು. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಸವಿತಾ: ದಿನ ಗೊತ್ತು ಮಾಡಿಲ್ಲ ಮೇಡಂ. ಅಮ್ಮ ಹೋಗಿ ವರ್ಷ ಆಗ್ತಾ ಬಂತು.

ಮಂಜುನಾಥ, ಮದ್ದೂರು: ನಗಬೇಡಿ, ನನಗೂ ಬಿದ್ದಿತ್ತು ಈ ಕನಸು. ನಾನು ಗಂಡಸು. ಮನೆ ಕಟ್ಟಿಸೋಕೆ ಪಾಯ ತೆಗೆಸಿದ ವಾರ. ಹೊಟ್ಟೆ ಹೊತ್ತುಕೊಂಡು ಬ್ಯಾಂಕಿನ ಕ್ಯೂನಲ್ಲಿ ನಿಂತಿದ್ದೆ.

ರೇಣುಕಾ, ಮಂಡ್ಯ: ಅಣ್ಣಾ, ಸಾಲದ ಕಂತು ಹೊತ್ತಿದ್ದೀರಿ ಅಂತ ಅರ್ಥ 😂

ಮೇಡಂ: ಗಂಡಸರಿಗೂ ಬೀಳುತ್ತೆ. ರೇಣುಕಾ ಹೇಳಿದ್ದನ್ನು ನಾನು ತಳ್ಳಿಹಾಕಲ್ಲ.

ಒಬ್ಬ ಸದಸ್ಯೆ: ಮೇಡಂ, 6 ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ಹೋದ ವರ್ಷ ಒಂದು ನಿಲ್ಲಲಿಲ್ಲ. ನನಗೂ ಇದೇ ಕನಸು. ಹಾಗಾದರೆ ಈ ಸಲ ಆಗುತ್ತಾ?

ಗುರುಮೂರ್ತಿ: ಖಂಡಿತ ಹೊಸ ಅಧ್ಯಾಯ ಶುರುವಾಗುತ್ತೆ ಅಮ್ಮಾ. ಚಿತ್ರಕಲೆ, ಸಂಗೀತ ಏನಾದರೂ ಕಲಿಯಿರಿ.

ಮೇಡಂ: ಗುರುಮೂರ್ತಿಯವರೇ, ದಯವಿಟ್ಟು ಸುಮ್ಮನಿರಿ. ಅಮ್ಮಾ, ಕನಸು ಮುಂದಾಗೋದನ್ನು ಹೇಳಲ್ಲ. ನಿಮ್ಮ ಕನಸಿನ ಮಗು ಮಗುವೇ. ಆಸೆ ಮತ್ತು ಕಳೆದುಕೊಂಡ ದುಃಖ ಎರಡೂ ಅದರಲ್ಲಿವೆ. ಅದಕ್ಕೆ "ಯೋಜನೆ" ಅಂತ ಹೆಸರಿಡೋದು ನಿಮ್ಮ ದುಃಖದ ಬಾಯಿ ಮುಚ್ಚಿಸಿದ ಹಾಗೆ. ಎದ್ದ ಮೇಲೆ ಅಳು ನಿಲ್ಲದಿದ್ದರೆ, ನಿದ್ದೆ ಕೆಡುತ್ತಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ. ಇಲ್ಲಿ ಬೇಡ.

ಲಲಿತಮ್ಮ, ಶ್ರೀರಂಗಪಟ್ಟಣ: ಬಂದದ್ದು ಹಾಗೇ ಕಳಿಸಿದ್ದೇನೆ: "ಕೆಟ್ಟ ಕನಸಿಗೆ ದಿಂಬಿನ ಕೆಳಗೆ ನಿಂಬೆಹಣ್ಣು. ಬಿ.ಪಿ. ಮಾತ್ರೆ, ಮನಸ್ಸಿನ ಮಾತ್ರೆಗಳಿಂದಲೇ ಕನಸು ಬರುವುದು, ತಕ್ಷಣ ನಿಲ್ಲಿಸಿ. ಮುಟ್ಟು ತಡವಾದರೆ ಎಳ್ಳು ಬೆಲ್ಲದ ಕಷಾಯ ಮೂರು ದಿನ. ಹತ್ತು ಜನಕ್ಕೆ ಕಳಿಸಿ."

ಮೇಡಂ: ನಿಂಬೆಹಣ್ಣು ಇಟ್ಟುಕೊಳ್ಳಿ, ಬೆಳಿಗ್ಗೆ ಚಿತ್ರಾನ್ನಕ್ಕಾಗುತ್ತೆ. ಮಾತ್ರೆ ನಿಲ್ಲಿಸಬೇಡಿ. ಕೆಲವು ಬಿ.ಪಿ. ಮಾತ್ರೆ, ಖಿನ್ನತೆಯ ಮಾತ್ರೆಗಳಿಂದ ಕನಸು ಗಾಢವಾಗೋದು ನಿಜ. ಆದರೆ ಅವನ್ನು ಏಕಾಏಕಿ ಬಿಟ್ಟರೆ ಆಗೋ ತೊಂದರೆ ಕನಸಿಗಿಂತ ದೊಡ್ಡದು. ಬರೆದುಕೊಟ್ಟ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಹಿಂದೆಯೂ ಹೇಳಿದ್ದೇನೆ.

ಲಲಿತಮ್ಮ: ಒಳ್ಳೇದಾಗಲಿ ಅಂತ ಹಾಕಿದೆ. ನಮ್ಮಜ್ಜಿ ಕಾಲದಿಂದ ಕುಡಿದಿದ್ದೇವೆ ಕಷಾಯ, ಯಾರೂ ಸತ್ತಿಲ್ಲ.

ರೇಣುಕಾ: ಅಜ್ಜಿ ಕಾಲದಲ್ಲಿ ಫಾರ್ವರ್ಡ್ ಇರಲಿಲ್ಲ ಬಿಡಿ ಅತ್ತೆ.

ಲಲಿತಮ್ಮ: ನಿನ್ನ ಹತ್ತಿರ ಕಲಿಯೋ ವಯಸ್ಸಲ್ಲ ನನ್ನದು.

ಪ್ರದೀಪ, ನಂಜನಗೂಡು: ಮೇಡಂ, ಹೆಂಡತಿಗೆ ಅವಳಿ ಮಕ್ಕಳ ಬಸುರಿನ ಕನಸು. ಎರಡು ಯೋಜನೆ ಅಂತಲಾ?

ಮೇಡಂ: ಮೇಲೆ ಓದಿ.

ಶಶಿಕಲಾ, ಮಳವಳ್ಳಿ: ಮೇಡಂ, ಮಕ್ಕಳಾಗದ ಹಾಗೆ ಆಪರೇಷನ್ ಆಗಿ 5 ವರ್ಷ. ಬಸುರಿಯಾದ ಕನಸು ಬಿತ್ತು. ಟೈಲರಿಂಗ್ ಅಂಗಡಿ ಇಡ್ತಿದ್ದೇನೆ, ಅದೇ ಇರಬೇಕು ಅಲ್ವಾ? ಈ ಸಲ ಮುಟ್ಟು 12 ದಿನ ತಡ. ಕಷಾಯ ಕುಡಿದೆ.

ಮೇಡಂ: ಶಶಿಕಲಾ, ಅಂಗಡಿ ವಿಷಯ ಪಕ್ಕಕ್ಕಿಡಿ. ಮುಟ್ಟು ತಡವಾಗಿದ್ದರೆ ನಾನು ಕನಸಿಗೆ ಅರ್ಥ ಹೇಳಲ್ಲ. ಆಪರೇಷನ್ ಆದವರಲ್ಲೂ ಅಪರೂಪಕ್ಕೆ ಬಸುರು ನಿಲ್ಲುತ್ತೆ. ಹಾಗೆ ನಿಂತಾಗ ಅದು ಗರ್ಭಕೋಶದ ಬದಲು ಅಂಡನಾಳದಲ್ಲೇ ಬೆಳೆಯೋ ಸಂಭವ ಜಾಸ್ತಿ. ನಾಳ ಒಡೆದರೆ ಒಳಗೇ ರಕ್ತ ಸೋರಿ ಜೀವಕ್ಕೆ ಅಪಾಯ. ಕಷಾಯ ಕುಡಿದು ಕಾಯೋದು ಇಲ್ಲೇ ಮುಳುವಾಗೋದು, ಸ್ವಲ್ಪ ರಕ್ತ ಕಂಡರೆ ಮುಟ್ಟು ಬಂತು ಅಂತ ಸುಮ್ಮನಾಗಿಬಿಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಟೆಸ್ಟ್ ಕಿಟ್ ಸಿಗುತ್ತೆ, ಇವತ್ತೇ ನೋಡಿ. 12 ದಿನ ತಡವಾಗಿರೋದರಿಂದ ಬೆಳಗಿನ ಮೂತ್ರಕ್ಕೇ ಕಾಯಬೇಕಾಗಿಲ್ಲ. ಎರಡು ಗೆರೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ಹೊಟ್ಟೆ ನೋವು ಇದೆಯಾ?

ಗುರುಮೂರ್ತಿ: ಸುಮ್ನೆ ಹೆದರಿಸ್ತಿದ್ದೀರಿ. 40ರ ಹತ್ತಿರ ಮುಟ್ಟು ಏರುಪೇರಾಗುತ್ತೆ.

ರೇಣುಕಾ: ಅವರ ವಯಸ್ಸು ನಿಮಗೆ ಯಾರು ಹೇಳಿದರು ಸಾರ್?

ಶಶಿಕಲಾ: ಎಡಗಡೆ ಕಿಬ್ಬೊಟ್ಟೆ ನಿನ್ನೆಯಿಂದ ಸೆಳೀತಿದೆ. ನಾಳೆ ಹೋಗ್ತೀನಿ ಮೇಡಂ, ಇವರು ಮನೇಲಿಲ್ಲ.

ಮೇಡಂ: ನಾಳೆ ಬೇಡ. ಕಿಟ್ಟೂ ಬೇಡ. ಈಗಲೇ ಹೊರಡಿ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಚೆಲುವಾಂಬ, ಯಾವುದು ಬೇಗ ಸಿಗುತ್ತೋ ಅಲ್ಲಿಗೆ. ಆಪರೇಷನ್ ಆಗಿದೆ, ಮುಟ್ಟು ತಡ, ಒಂದೇ ಕಡೆ ನೋವು ಅಂತ ಮೊದಲ ಮಾತಿಗೇ ಹೇಳಿ. ತಲೆ ಸುತ್ತು ಬಂದರೆ, ಭುಜದ ತುದಿ ನೋವು ಬಂದರೆ 108ಕ್ಕೆ ಮಾಡಿ. ಮಳವಳ್ಳಿಯಲ್ಲಿರುವವರು ಯಾರಾದರೂ ಜೊತೆಗೆ ಹೋಗ್ತೀರಾ?

ರೇಣುಕಾ: ನಮ್ಮ ಚಿಕ್ಕಮ್ಮ ಅಲ್ಲೇ ಇದ್ದಾರೆ. ಶಶಿಕಲಾ, ನಂಬರ್ ಕಳಿಸಿದ್ದೇನೆ, ಫೋನ್ ಎತ್ತಿ.

ಪ್ರದೀಪ: ಮೇಲೆ ಓದಿದೆ ಮೇಡಂ. ಅವಳಿ ಬಗ್ಗೆ ಏನೂ ಇಲ್ಲವಲ್ಲ?