0 = −1 ಬಂದರೆ ಲೆಕ್ಕ ತಪ್ಪೋ, ಪರಿಹಾರವೇ ಇಲ್ಲವೋ?

ಶಹಾಪುರದ ಟ್ಯೂಷನ್ ಮೇಷ್ಟ್ರು:
ಮೂರು ಚರಾಕ್ಷರದ ಸಮೀಕರಣಗಳ ವರ್ಕ್‌ಶೀಟ್ ಕೊಟ್ಟೀನ್ರಿ. ಕೆಳಗಿನ ಒಂದೇ ಲೆಕ್ಕಕ್ಕ ಒಬ್ಬ 0 = −1 ಬರದಾನ, ಒಬ್ಬಾಕಿ z = −1/4 ಅಂತಾಳ, ಇನ್ನೊಬ್ಬ 0 = 0 ಬಂತು, ಅನಂತ ಪರಿಹಾರ ಅಂತ ಬಿಟ್ಟಾನ. ಪ್ರತಿಯೊಂದನ್ನೂ ಮೊದಲಿಂದ ಮತ್ತ ಬಿಡಿಸದ, ಯಾರು ಎಲ್ಲಿ ತಪ್ಪ್ಯಾರ ಅಂತ ಹ್ಯಾಂಗ ಹಿಡೀಬೇಕು?

```
(1)  x + 2y −  z = 4
(2) 2x −  y + 3z = 3
(3) 4x + 3y +  z = 10
```

ಕಲಬುರಗಿಯ ಪಿಯು ಉಪನ್ಯಾಸಕಿ:
ಸರ್, 0 = −1 ಬರೆದ ಹುಡುಗನೇ ಸರಿ. ಆದರೆ ಅವನು ಸರಿ ಅಂತ ಹೇಳಲು ಅವನ ಕೊನೆಯ ಸಾಲೊಂದೇ ಸಾಲದು, ಆ ಸಾಲು ಎಲ್ಲಿಂದ ಬಂತು ಅಂತ ಬೇಕು. ಪ್ರತಿ ಹೊಸ ಸಾಲಿನ ಎಡಕ್ಕೆ ಅದರ ಮೂಲ ಬರೆಸಿ:

```
(4) = (2) − 2(1):   −5y + 5z = −5
(5) = (3) − 4(1):   −5y + 5z = −6
(5) − (4):                 0 = −1
```

ಈಗ ಮೂಲಗಳನ್ನು ಸೇರಿಸಿದರೆ (5) − (4) ಅಂದರೆ (3) − (2) − 2(1). ನಡುವಿನ ಸಾಲುಗಳನ್ನು ನೋಡುವುದೇ ಬೇಡ, ಇದನ್ನು ನೇರವಾಗಿ ಮೂಲ ಪ್ರಶ್ನೆಯ ಮೇಲೆ ಹಾಕಿ. x ಗೆ 4 − 2 − 2 = 0. y ಗೆ 3 + 1 − 4 = 0. z ಗೆ 1 − 3 + 2 = 0. ಬಲಗಡೆ 10 − 3 − 8 = −1. ಎಡಗಡೆ ಮೂರೂ ಸೊನ್ನೆಯಾಗಿ ಬಲಗಡೆ ಮಾತ್ರ ಉಳಿದರೆ ಪರಿಹಾರ ಇಲ್ಲ, ಅದು ಖಚಿತ. ಮೂರರಲ್ಲಿ ಒಂದಾದರೂ ಸೊನ್ನೆ ಬರದಿದ್ದರೆ ನಡುವೆ ಎಲ್ಲೋ ಕೂಡು-ಕಳೆ ತಪ್ಪಿದೆ.

z = −1/4 ಎಂದವಳ ಉತ್ತರವನ್ನು ಮೂರೂ ಮೂಲ ಸಮೀಕರಣಗಳಲ್ಲಿ ಹಾಕಿ. ಅವಳಿಗೆ y = 0.95, x = 1.85 ಬಂದಿರಬೇಕು. (1) ರಲ್ಲಿ 4 ಸರಿ, (3) ರಲ್ಲಿ 10 ಸರಿ, (2) ರಲ್ಲಿ 3 ರ ಬದಲು 2 ಬರುತ್ತದೆ. ಹಾಗಾಗಿ (2) ಸೇರಿದ ಹೆಜ್ಜೆಯನ್ನೇ ನೋಡಿ. (2) − 2(1) ಮಾಡುವಾಗ 3z − 2(−z) ಎಂಬುದನ್ನು 5z ಮಾಡದೆ z ಮಾಡಿದ್ದಾಳೆ. ಬಹಳ ಮಕ್ಕಳು ಎರಡೇ ಸಮೀಕರಣದಲ್ಲಿ ತಾಳೆ ನೋಡಿ ಬಿಡುತ್ತಾರೆ, (1) ಮತ್ತು (3) ನೋಡಿ ನಿಲ್ಲಿಸಿದ್ದರೆ ಈ ತಪ್ಪು ಸಿಗುತ್ತಲೇ ಇರಲಿಲ್ಲ.

ಬೀದರ್‌ನಿಂದ ಒಬ್ಬರು:
ಇಷ್ಟೆಲ್ಲಾ ಯಾಕ್ರಿ? ನಿರ್ಧಾರಕ ತೆಗೀರಿ, ಮುಗೀತು. ಇಲ್ಲಿ Δ = −10 + 20 − 10 = 0, Δx = −5. Δ ಸೊನ್ನೆ, Δx ಸೊನ್ನೆ ಅಲ್ಲ, ಅಂದ್ರ ಪರಿಹಾರ ಇಲ್ಲ. Δ, Δx, Δy, Δz ನಾಲ್ಕೂ ಸೊನ್ನೆ ಆದ್ರ ಅನಂತ ಪರಿಹಾರ.

ಕಲಬುರಗಿಯ ಪಿಯು ಉಪನ್ಯಾಸಕಿ:
ಮೊದಲ ಭಾಗ ಸರಿ ಸರ್, ಕೊನೆಯ ವಾಕ್ಯ ಒಪ್ಪಲಾಗದು. x + y + z = 1, 2x + 2y + 2z = 4, 3x + 3y + 3z = 9 ತಗೊಳ್ಳಿ. ನಾಲ್ಕೂ ನಿರ್ಧಾರಕ ಸೊನ್ನೆ, ಆದರೆ x + y + z ಒಮ್ಮೆಗೇ 1, 2, 3 ಆಗಲು ಸಾಧ್ಯವಿಲ್ಲ. ದ್ವಿತೀಯ ಪಿಯು ಪುಸ್ತಕದಲ್ಲೂ |A| = 0 ಮತ್ತು (adj A)B = 0 ಆದಾಗ ಪರಿಹಾರ ಇರಬಹುದು, ಇಲ್ಲದೆಯೂ ಇರಬಹುದು ಅಂತಲೇ ಇದೆ. ಅಲ್ಲದೆ ಮೇಷ್ಟ್ರು ಕೇಳಿದ್ದು ಮಕ್ಕಳು ಎಲ್ಲಿ ಎಡವಿದರು ಅಂತ. ನಿರ್ಧಾರಕ ಅದನ್ನು ತೋರಿಸುವುದಿಲ್ಲ.

ಬೀದರ್‌ನಿಂದ ಒಬ್ಬರು:
ಅಂಥ ಮೂರು ಸಮಾಂತರ ಸಮತಲದ ಲೆಕ್ಕ ಪರೀಕ್ಷೆದಾಗ ಯಾರು ಕೊಡ್ತಾರ್ರಿ ಮೇಡಂ? ಮಕ್ಕಳಿಗೆ ನಿರ್ಧಾರಕ ಬೇಗ ಆಗ್ತದ, ನಾ ಅದನ್ನೇ ಹೇಳ್ತೀನಿ.

ಹುಮನಾಬಾದ್‌ನಿಂದ, ಹೈಸ್ಕೂಲ್ ಶಿಕ್ಷಕ:
ವರ್ಕ್‌ಶೀಟ್ ತಯಾರಿ ಬಗ್ಗೆ ಕೇಳ್ಲತ್ತೀರಿ ಅನ್ಕೊಂಡು ನಂದೂ ಒಂದು ಹಾಕ್ತೀನಿ. ಕಿರಾಣಿ ಚೀಟಿ ಮಾಡೀನ್ರಿ: ತೊಗರಿಬೇಳೆ, ಹೆಸರುಬೇಳೆ, ಸಕ್ಕರೆ. ಮೊದಲನೇ ಚೀಟಿ 1, 2, 1 ಕಿಲೋ, ₹395. ಎರಡನೇದು 2, 1, 1 ಕಿಲೋ, ₹415. ಮೂರನೇದು 3, 3, 2 ಕಿಲೋ, ₹810. ನಾ ಇಟ್ಟ ಉತ್ತರ 130, 110, 45. ಒಬ್ಬ ಹುಡುಗ 140, 120, 15 ಬರದಾನ, ಮೂರೂ ಚೀಟಿಗೆ ತಾಳೆ ಆಗ್ತದ! ತಪ್ಪು ಹಾಕಬೇಕೋ ಸರಿ ಹಾಕಬೇಕೋ?

ಕಲಬುರಗಿಯ ಪಿಯು ಉಪನ್ಯಾಸಕಿ:
ಅವನದ್ದೂ ಒಂದು ಪರಿಹಾರ ಸರ್. ನಿಮ್ಮ ಮೂರನೇ ಚೀಟಿ ಮೊದಲೆರಡರ ಮೊತ್ತ, ಹೊಸದೇನನ್ನೂ ಹೇಳುವುದಿಲ್ಲ. ಬೇಳೆ ಎರಡಕ್ಕೂ ಒಂದೊಂದು ರೂಪಾಯಿ ಏರಿಸಿ ಸಕ್ಕರೆಗೆ ಮೂರು ಇಳಿಸಿದರೆ ಚೀಟಿಗಳಿಗೆ ಗೊತ್ತೇ ಆಗುವುದಿಲ್ಲ: 130 + t, 110 + t, 45 − 3t. (ಸಕ್ಕರೆ ಧರ್ಮಕ್ಕೆ ಸಿಗುವುದಿಲ್ಲವಾದ್ದರಿಂದ t 15 ಮುಟ್ಟಬಾರದು, ಅಷ್ಟೇ.) ಮೂರನೇ ಚೀಟಿಯನ್ನು 1, 1, 2 ಕಿಲೋ, ₹330 ಮಾಡಿ. ಆಗ 130, 110, 45 ಒಂದೇ ಉತ್ತರ. ಹುಡುಗನ ದರಕ್ಕೆ ಅದೇ ಚೀಟಿ ₹290 ಆಗುತ್ತದೆ.

ಸುರಪುರದಿಂದ, ಡಿಪ್ಲೊಮಾ ಕಾಲೇಜು:
ಮೇಷ್ಟ್ರೇ, ನಿಮ್ಮ 0 = 0 ಹುಡುಗನ ಬಗ್ಗೆ ಯಾರೂ ಹೇಳಲಿಲ್ಲ. ಅವನ ಹಾಳೆ ತೆಗೆದು ನೋಡಿ, (3) ನ್ನು ಮುಟ್ಟಿಯೇ ಇರಲಿಕ್ಕಿಲ್ಲ. (2) − 2(1) ರಿಂದ −5y + 5z = −5 ತೆಗೆದು, ಮತ್ತೆ ಅವೇ ಎರಡರಿಂದ (1) ನ್ನು 6 ರಿಂದ, (2) ನ್ನು 3 ರಿಂದ ಗುಣಿಸಿ ಕಳೆದು 15y − 15z = 15 ತೆಗೆದಿರುತ್ತಾನೆ. ಎರಡೂ y − z = 1 ಎಂಬ ಒಂದೇ ಸಮೀಕರಣ. ಒಂದರಿಂದ ಇನ್ನೊಂದನ್ನು ಕಳೆದರೆ 0 = 0 ಬರಲೇಬೇಕು, ಯಾವ ಲೆಕ್ಕದಲ್ಲಾದರೂ ಬರುತ್ತದೆ. ಮೇಡಂ ಹೇಳಿದಂತೆ ಮೂಲ ಬರೆಸಿದ್ದರೆ (3) ಎಲ್ಲೂ ಇಲ್ಲ ಅಂತ ಕಣ್ಣಿಗೆ ಬೀಳುತ್ತದೆ. (2) ನಿಜವಾಗಿ (1) ರ ಎರಡರಷ್ಟು ಇದ್ದಾಗ ಎರಡರಿಂದಲೇ 0 = 0 ಬರುವುದುಂಟು. ಆಗಲೂ (3) ಜೊತೆ ನೋಡದೆ ತೀರ್ಪು ಕೊಡಬಾರದು.

ಇನ್ನು ಲೆಕ್ಕ ಮಾಡುವಾಗಲೇ ತಪ್ಪು ಹಿಡಿಯಲು ಬಲಕ್ಕೆ ಮೊತ್ತದ ಒಂದು ಕಾಲಂ ಎಳೆಸಿ. ಮೂರು ಸಹಗುಣಕ ಮತ್ತು ಬಲಗಡೆಯ ಸಂಖ್ಯೆ ಕೂಡಿಸಿದರೆ (1) ಕ್ಕೆ 6, (2) ಕ್ಕೆ 7, (3) ಕ್ಕೆ 18. (4) ರ ಮೊತ್ತ 7 − 12 = −5 ಇರಬೇಕು; −5 + 5 − 5 = −5, ಸರಿ. ಆ ಹುಡುಗಿಯ −5y + z = −5 ಸಾಲಿಗೆ −9 ಬರುತ್ತಿತ್ತು, ಅಲ್ಲೇ ನಿಲ್ಲುತ್ತಿದ್ದಳು. ಪ್ರಶ್ನೆಯನ್ನೇ ತಪ್ಪಾಗಿ ಇಳಿಸಿಕೊಂಡಿದ್ದರೆ, ಅಥವಾ y ಯ ಸಂಖ್ಯೆ z ಜಾಗಕ್ಕೆ ಹೋಗಿದ್ದರೆ ಈ ಕಾಲಂ ಏನೂ ಹೇಳುವುದಿಲ್ಲ. ಚರಾಕ್ಷರ ಇಲ್ಲದ ಕಡೆ 0y ಅಂತ ಬರೆಸಿದರೆ ಆ ಅದಲುಬದಲು ಕಡಿಮೆ ಆಗುತ್ತದೆ.

ಶಹಾಪುರದ ಟ್ಯೂಷನ್ ಮೇಷ್ಟ್ರು:
ಹೌದ್ರಿ, (3) ಮುಟ್ಟೇ ಇಲ್ಲ ಅಂವ. ಇನ್ನೊಂದು ಕೇಳ್ತೀನಿ. 10 ರ ಜಾಗದಾಗ 11 ಹಾಕಿ ಅನಂತ ಪರಿಹಾರದ ಲೆಕ್ಕ ಮಾಡಿದ್ರ, ಒಬ್ಬರು (2 − t, 1 + t, t) ಬರೀತಾರ, ಒಬ್ಬರು (s, 3 − s, 2 − s). ಎರಡೂ ಒಂದೇ ಏನು?

ಸುರಪುರದಿಂದ, ಡಿಪ್ಲೊಮಾ ಕಾಲೇಜು:
ಒಂದೇ. s = 2 − t ಇಟ್ಟು ನೋಡಿ. ಪರೀಕ್ಷಿಸಲು t ಗೆ 0 ಮತ್ತು 1 ಹಾಕಿ: (2, 1, 0) ಮತ್ತು (1, 2, 1). ಎರಡೂ ಮೂರು ಸಮೀಕರಣಕ್ಕೆ ತಾಳೆಯಾದರೆ ಇಡೀ ರೇಖೆ ತಾಳೆ. ಒಂದೇ ಬಿಂದು ನೋಡಿದರೆ t ಯ ಸಹಗುಣಕದ ತಪ್ಪು ಸಿಗುವುದಿಲ್ಲ.

ಬೀದರ್‌ನಿಂದ ಒಬ್ಬರು:
z = t ಅಂತಲೇ ಬರೀಬೇಕು ಅಂತ ಮೊದಲೇ ಹೇಳಿಬಿಡ್ರಿ, ಹಾಳಿ ತಿದ್ದೋದು ಸಲೀಸು.

ಕಲಬುರಗಿಯ ಪಿಯು ಉಪನ್ಯಾಸಕಿ:
ಎಲ್ಲಾ ಕಡೆ ಆಗುವುದಿಲ್ಲ ಸರ್. ಕೊನೆಗೆ z = 2 ಅಂತ ಸ್ಥಿರವಾಗಿ ನಿಂತು x, y ಮಾತ್ರ ಬದಲಾಗುವ ಲೆಕ್ಕದಲ್ಲಿ z = t ಇಟ್ಟವರು ಏನು ಬರೆಯಬೇಕು?