ಒಂದೇ ಬ್ಯಾಚ್, ಎರಡು ಎಕ್ಸ್‌ಪೈರಿ: ಸ್ಟ್ರಿಪ್ ಫೋಟೊ ನೋಡಿ ಹೇಳ್ತೀರಾ?

ಸುಮಾ_ದಾವಣಗೆರೆ:
ಅಮ್ಮನ ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ 40. ಒಂದೇ ಬಿಲ್ಲಿನಲ್ಲಿ ಬಂದ ಎರಡು ಸ್ಟ್ರಿಪ್. ಬ್ಯಾಚ್ ನಂಬರ್ ಎರಡರಲ್ಲೂ ಒಂದೇ, ತಯಾರಿಕೆ 06/2024. ಆದರೆ ಒಂದರಲ್ಲಿ ಎಕ್ಸ್‌ಪೈರಿ 05/2026, ಇನ್ನೊಂದರಲ್ಲಿ 05/2027. ಎರಡನೆಯದರ ಅಕ್ಷರ ಸೊಟ್ಟಗಿದ್ದು ಮಾತ್ರೆಯ ಹೆಸರಿನ ಮೇಲೇ ಹತ್ತಿದೆ. ಇದು ನಕಲಿಯಾ?

ರವಿ_ಕೆ:
ಸೊಟ್ಟಗಿದ್ರೆ ನಕಲಿನೇ, ದೊಡ್ಡ ಕಂಪನಿಯವರು ಹಾಗೆ ಪ್ರಿಂಟ್ ಮಾಡಲ್ಲ. ಹಳೇ ಸ್ಟ್ರಿಪ್ ಪಕ್ಕ ಇಟ್ಟು ಬಣ್ಣ ಹೋಲಿಸಿ. ನೇಲ್ ಪಾಲಿಶ್ ರಿಮೂವರ್ ಹಚ್ಚಿ ಉಜ್ಜಿ, ಇಂಕ್ ಬಂದ್ರೆ ಡೌಟೇ ಬೇಡ.

ಫಾಯಿಲ್_ರೋಲ್:
ರವಿ ಅವರೇ, ಹೋಲಿಸಬೇಕು ಅನ್ನೋದು ಸರಿ, ಉಳಿದದ್ದು ಅಲ್ಲ. ಹೆಸರು, ವಿನ್ಯಾಸ, ಕೆಂಪು ಗೆರೆ ಇವೆಲ್ಲ ಮೊದಲೇ ಅಚ್ಚಾಗಿ ರೋಲಿನಲ್ಲಿ ಬರುತ್ತವೆ. ಬ್ಯಾಚ್, ತಾರೀಕು ಮಾತ್ರ ಪ್ಯಾಕಿಂಗ್ ಮಷಿನ್ ಓಡುವಾಗ ಬೀಳುತ್ತವೆ. ರೋಲ್ ಕೊಂಚ ಜಾರಿದರೂ ತಾರೀಕು ಹೆಸರಿನ ಮೇಲೆ ಕೂರುತ್ತದೆ, ಅಸಲಿ ಮಾಲಿನಲ್ಲೂ. ಬಣ್ಣವೂ ಹಾಗೇ: ಒಂದೇ ಬ್ರ್ಯಾಂಡ್ ಎರಡು ಕಾರ್ಖಾನೆಗಳಲ್ಲಿ ತಯಾರಾಗುವುದುಂಟು, ಆಗ ಲೈಸೆನ್ಸ್ ನಂಬರ್, ವಿಳಾಸವೂ ಬೇರೆ ಇರುತ್ತದೆ. ರಿಮೂವರ್ ಮಾತ್ರ ದಯವಿಟ್ಟು ಬೇಡ. ಅಸಲಿ ಇಂಕ್ ಕೂಡ ಅದಕ್ಕೆ ಕಿತ್ತು ಬರುತ್ತದೆ, ಸಾಕ್ಷಿಯೂ ಹೋಗುತ್ತದೆ.

ಸುಮಾ ಅವರೇ, ನಿಮ್ಮಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಸೊಟ್ಟ ಅಕ್ಷರ ಅಲ್ಲ, ಆ ಎರಡು ತಾರೀಕು. ಬ್ಯಾಚ್ ಒಂದು ಅಂದ ಮೇಲೆ ಎಕ್ಸ್‌ಪೈರಿಯೂ ಒಂದೇ ಇರಬೇಕು, ಪ್ಯಾಕಿಂಗ್ ಬೇರೆ ಬೇರೆ ದಿನ ನಡೆದಿದ್ದರೂ. 06/2024ರಿಂದ 05/2026 ಅಂದರೆ ಸರಿಯಾಗಿ 24 ತಿಂಗಳು, ಇನ್ನೊಂದು 36. ಮನೆಯಲ್ಲಿ ಇದೇ ಮಾತ್ರೆಯ ಹಳೇ ಖಾಲಿ ಸ್ಟ್ರಿಪ್ ಇದ್ದರೆ ಅದರಲ್ಲಿ ಎಷ್ಟು ತಿಂಗಳು ಬರುತ್ತದೆ ಲೆಕ್ಕ ಹಾಕಿ.

ಫೋಟೊ ಇನ್ನೊಮ್ಮೆ ಬೇಕು. ಫ್ಲ್ಯಾಶ್ ಆರಿಸಿ, ಕಿಟಕಿ ಪಕ್ಕ ಬಿಳಿ ಹಾಳೆ ಮೇಲೆ ಎರಡನ್ನೂ ಜೊತೆಗಿಟ್ಟು ಮೊದಲು ಇಡೀ ಹಿಂಬದಿ, ಆಮೇಲೆ ತಾರೀಕಿನ ಜಾಗ ಮಾತ್ರ. ಅದೇ ಜಾಗವನ್ನು ಸ್ಟ್ರಿಪ್ ವಾಲಿಸಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಇನ್ನೊಂದು ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಬೇಡ, ಕುಗ್ಗಿ ಅಂಕಿಯ ಅಂಚೇ ಕಲಸಿಹೋಗಿರುತ್ತದೆ.

ಗಿರೀಶ್_ಎಚ್:
ನಮ್ಮ ಸ್ಟ್ರಿಪ್‌ನಲ್ಲಿ ಕ್ಯೂಆರ್ ಕೋಡೇ ಇಲ್ಲ. ಹಾಗಾದ್ರೆ ನಕಲಿನಾ ಸರ್?

ಫಾಯಿಲ್_ರೋಲ್:
ಇಲ್ಲ ಅಂದ ಮಾತ್ರಕ್ಕೆ ಅಲ್ಲ. 2023ರ ಆಗಸ್ಟ್ 1ರಿಂದ ಅದು ಕಡ್ಡಾಯವಾದದ್ದು ಪಟ್ಟಿಯಲ್ಲಿರುವ 300 ಬ್ರ್ಯಾಂಡ್‌ಗಳಿಗೆ. ಸ್ಟ್ರಿಪ್‌ನಲ್ಲಿ ಜಾಗ ಸಾಲದಿದ್ದರೆ ಹೊರಗಿನ ಪೆಟ್ಟಿಗೆಯ ಮೇಲೆ ಇರಬಹುದು. ಇದ್ದರೆ ಸ್ಕ್ಯಾನ್ ಮಾಡಿ, ಬ್ಯಾಚ್ ಮತ್ತು ಎಕ್ಸ್‌ಪೈರಿ ಮುದ್ರಿತ ಅಂಕಿಗೆ ಹೊಂದುತ್ತಾ ನೋಡಿ. ಹೊಂದದಿದ್ದರೆ ಅನುಮಾನ ಪಡಿ. ಹೊಂದಿದರೆ ಅಸಲಿ ಅಂತ ಹೇಳಲಾಗದು, ಕೋಡನ್ನೂ ನಕಲು ಮಾಡಬಹುದು.

ಸುಮಾ_ದಾವಣಗೆರೆ:
ಹೊಸ ಫೋಟೊ ಹಾಕಿದೆ ಸರ್. ಹಳೇ ಖಾಲಿ ಸ್ಟ್ರಿಪ್‌ನಲ್ಲಿ 24 ತಿಂಗಳೇ ಇದೆ. ವಾಲಿಸಿದಾಗ 7ರ ಸುತ್ತ ಫಾಯಿಲ್ ಮಬ್ಬಾಗಿದೆ, ಉಳಿದ ಕಡೆ ಹೊಳೀತಿದೆ. 7ರ ಕೆಳಗೆ ಇನ್ನೇನೋ ಗುಂಡಗೆ ಕಾಣ್ತಿದೆ.

ಫಾಯಿಲ್_ರೋಲ್:
ಕಾಣುತ್ತಿದೆ. ಆ ಮಬ್ಬು ಫಾಯಿಲಿನ ಮೇಲಿನ ಮೆರುಗು ಲೇಪ ದ್ರಾವಕಕ್ಕೆ ಕರಗಿದ ಗುರುತಿನ ಹಾಗಿದೆ, ಗುಂಡಗಿರುವುದು 6ರ ಹೊಟ್ಟೆ ಇರಬೇಕು. 7 ಪಕ್ಕದ ಅಂಕಿಗಳಿಗಿಂತ ಕಪ್ಪಾಗಿಯೂ ಇದೆ, ಒಂದೇ ಸಲಕ್ಕೆ ಬಿದ್ದ ಸಾಲಿನಲ್ಲಿ ಹಾಗಾಗುವುದು ಅಪರೂಪ. ಮಷಿನ್ನೇ ತಪ್ಪು ಅಂಕಿ ಹಾಕಿದ್ದರೆ ಈ ಮಬ್ಬು ಇರುತ್ತಿರಲಿಲ್ಲ. ಮಾತ್ರೆ ಅಸಲಿಯೇ ಇದ್ದು ತಾರೀಕು ಮಾತ್ರ ತಿದ್ದಿರಬಹುದು. ಆದರೆ ಒಳಗೆ ಏನಿದೆ ಅಂತ ಫೋಟೊ ಹೇಳುವುದಿಲ್ಲ.

ರವಿ_ಕೆ:
ತಿದ್ದೋದಾದ್ರೆ ಇನ್ನೊಂದನ್ನ ಯಾಕೆ ಹಾಗೇ ಬಿಟ್ರು?

ಫಾಯಿಲ್_ರೋಲ್:
ಗೊತ್ತಿಲ್ಲ. ಎರಡೂ ಬೇರೆ ಬೇರೆ ಕೈಯಿಂದ ಅಂಗಡಿಗೆ ಬಂದಿರಬಹುದು, ಹಾಗಾಗಿ ಅಂಗಡಿಯವನೇ ಮಾಡಿದ ಅಂತ ಈಗಲೇ ಹೇಳಬೇಡಿ.

ಡಾಕ್ಟರ್_ಲತಾ:
ಸುಮಾ, ಎರಡೂ ಸ್ಟ್ರಿಪ್‌ನ ಮಾತ್ರೆ ಕೊಡಬೇಡಿ, ಆದರೆ ಅಮ್ಮನ ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಇವತ್ತೇ ಬೇರೆ ಅಂಗಡಿಯಲ್ಲಿ ಬಿಲ್ಲಿನ ಸಮೇತ ಕೊಳ್ಳಿ. ಇಷ್ಟು ದಿನ ತೆಗೆದುಕೊಂಡಿದ್ದರೆ ಬಿಪಿ ಒಮ್ಮೆ ನೋಡಿಸಿ.

ಫಾಯಿಲ್_ರೋಲ್:
ಲತಾ ಮೇಡಂ ಹೇಳಿದ್ದು ಮೊದಲು. ಆಮೇಲೆ ಸ್ಟ್ರಿಪ್ ಎರಡನ್ನೂ ಮುಟ್ಟದೆ ಬಿಲ್ ಜೊತೆ ಕವರಿನಲ್ಲಿಟ್ಟು, ಬಿಲ್ಲಿನಲ್ಲಿ ಬ್ಯಾಚ್ ಬರೆದಿದ್ದಾರಾ ನೋಡಿ. ಕಂಪನಿಯ ಗ್ರಾಹಕ ಸೇವೆಗೆ ಫೋಟೊ ಕಳಿಸಿ, ಈ ಬ್ಯಾಚಿನ ಅಸಲಿ ಎಕ್ಸ್‌ಪೈರಿ ಎಷ್ಟು ಅಂತ ಬರಹದಲ್ಲಿ ಕೇಳಿ. ಅದೇ ಕವರ್ ಹಿಡಿದು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಯಲ್ಲಿ ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು ಔಷಧ ಕಾಯ್ದೆಯ 26ನೇ ಕಲಂನಡಿ ಕೊಂಡವರಿಗೂ ಅವಕಾಶವಿದೆ. ಅದಕ್ಕೆ ಒಡೆಯದ ಮಾತ್ರೆಗಳು ಬೇಕು, ಉಳಿದವನ್ನು ಬಿಸಾಡಬೇಡಿ.

ಸುಮಾ_ದಾವಣಗೆರೆ:
ಬಿಲ್ಲಿನಲ್ಲಿ ಬ್ಯಾಚ್ ಇದೆ ಸರ್, ಎಕ್ಸ್‌ಪೈರಿ 05/26 ಅಂತಲೇ ಇದೆ. ಕಂಪನಿಗೆ ಮೇಲ್ ಹಾಕಿದೆ, ಉತ್ತರ ಬಂದ ಮೇಲೆ ಇಲ್ಲೇ ಹಾಕ್ತೀನಿ.