ಪದಚರ್ಚೆ: ‘ಹಾಟ್ ಕೌಚರ್’, ‘ರೆಡಿ ಟು ವೇರ್’, ‘ಫಾಸ್ಟ್ ಫ್ಯಾಷನ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಉಡುಪಿನ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಈ ಮೂರು ಮಾತು ಪದೇ ಪದೇ ಬರುತ್ತವೆ. ಮೊದಲನೆಯದಕ್ಕೆ ‘ದುಬಾರಿ ಉಡುಪು’, ಎರಡನೆಯದಕ್ಕೆ ‘ಸಿದ್ಧ ಉಡುಪು’ ಅಂತ ಬರೆದುಕೊಂಡೆ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಅದೂ ಸಿದ್ಧ ಉಡುಪೇ ಅಲ್ವಾ? ವ್ಯತ್ಯಾಸ ಬರೀ ಬೆಲೆಯದ್ದಾ?

– ಎಸ್.ಆರ್., ಮೈಸೂರು

---

ಅಳತೆ ಕೊಟ್ಟು ಹೊಲಿಸಿದರೆ ಹಾಟ್ ಕೌಚರ್. ಅಂಗಡಿಯಲ್ಲಿ ನೇತುಹಾಕಿದ್ದು ರೆಡಿಮೇಡ್. ಅದರಲ್ಲೇ ಅಗ್ಗದ್ದು ಫಾಸ್ಟ್ ಫ್ಯಾಷನ್. ಮೊದಲನೆಯದಕ್ಕೆ ‘ಹೊಲಿಸಿದ ಬಟ್ಟೆ’ ಸಾಕು.

– ಎಂ.ಕೆ., ಶಿವಮೊಗ್ಗ

---

ಹಾಗಾದರೆ ನನ್ನ ಮಗಳ ಮದುವೆ ಬ್ಲೌಸೂ ಅದೇ ಆಯಿತಲ್ಲ! ದಾವಣಗೆರೆಯ ನಮ್ಮ ಟೈಲರ್ ಮೂರು ಸಲ ಟ್ರಯಲ್‌ಗೆ ಕರೆದರು. ತೋಳಿನ ಜರಿ ಕೆಲಸ ಪೂರ್ತಿ ಕೈಯಲ್ಲೇ ಆಯಿತು. ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದಾರೆ, ಮುಂದೆ ಬಿಚ್ಚಿ ಸಡಿಲ ಮಾಡಬಹುದು ಅಂತ.

– ಜಿ.ವಿ., ದಾವಣಗೆರೆ

---

ಮೊದಲು ಉಚ್ಚಾರಣೆ. ಇದು ಫ್ರೆಂಚ್ ಮಾತು, ‘ಓತ್ ಕೂತ್ಯೂರ್’. ಓತ್ ಅಂದರೆ ಎತ್ತರದ್ದು, ಕೂತ್ಯೂರ್ ಅಂದರೆ ಹೊಲಿಗೆ, ಅಷ್ಟೇ. ಆದರೆ ಫ್ರಾನ್ಸಿನಲ್ಲಿ 1945ರಿಂದ ಈ ಹೆಸರಿಗೆ ಕಾನೂನಿನ ಕಾವಲಿದೆ. ಪ್ಯಾರಿಸ್‌ನಲ್ಲಿ ಹೊಲಿಗೆಮನೆ ಇಟ್ಟು, ವರ್ಷಕ್ಕೆ ಎರಡು ಸಲ ಹೊಸ ಉಡುಪು ತೋರಿಸಿ, ಮಾನ್ಯತೆ ಪಡೆದ ಮನೆಗಳಿಗೆ ಮಾತ್ರ ಅದು ಸಲ್ಲುತ್ತದೆ. ಹಾಗಾಗಿ ಎಂ.ಕೆ. ಅವರ ಮಾತು ಅರ್ಧ ಸರಿ.

ಬೆಲೆ ಬಿಡಿ. ತೋರಿಸುವುದು, ಮಾರುವುದು, ಹೊಲಿಯುವುದು – ಇವುಗಳಲ್ಲಿ ಯಾವುದು ಯಾವಾಗ ಅಂತ ನೋಡಿ. ಓತ್ ಕೂತ್ಯೂರ್‌ನಲ್ಲಿ ಜನವರಿ ಮತ್ತು ಜುಲೈನಲ್ಲಿ ತೋರಿಸುವ ಉಡುಪು ರೂಪದರ್ಶಿಯ ಅಳತೆಯದ್ದು. ಗಿರಾಕಿ ಅದನ್ನು ಆರಿಸಿದ ಮೇಲೆ ಅವರ ಮೈಗೆ ಹೊಸದಾಗಿ ಕೆಲಸ ಶುರು. ಮೊದಲು ಸಾದಾ ಹತ್ತಿ ಬಟ್ಟೆಯಲ್ಲಿ ಅದೇ ಉಡುಪು ಮಾಡುತ್ತಾರೆ. ಮೈಮೇಲೆ ಹಾಕಿ, ಪಿನ್ನು ಚುಚ್ಚಿ, ಗುರುತು ಹಾಕುತ್ತಾರೆ. ಮತ್ತೆ ಬಿಚ್ಚಿ ನಕ್ಷೆ ತಿದ್ದುತ್ತಾರೆ. ಆಮೇಲೆ ರೇಷ್ಮೆಗೆ ಕತ್ತರಿ. ಅಂದರೆ ತೊಡುವವರು ಯಾರು ಅಂತ ಗೊತ್ತಾದ ಮೇಲೇ ಬಟ್ಟೆ ಕತ್ತರಿಸುವುದು.

ರೆಡಿ ಟು ವೇರ್‌ನಲ್ಲಿ ತೊಡುವವರ ಮುಖ ಯಾರಿಗೂ ಗೊತ್ತಿಲ್ಲ. ಋತುವಿಗೆ ಸುಮಾರು ಆರು ತಿಂಗಳು ಮೊದಲೇ ತೋರಿಸುತ್ತಾರೆ, ಅಂಗಡಿಯವರು ಸೈಜ್ ಪ್ರಕಾರ ಆರ್ಡರ್ ಕೊಡುತ್ತಾರೆ, ಆಮೇಲೆ ಕಾರ್ಖಾನೆಯಲ್ಲಿ ಹೊಲಿಗೆ. 1966ರಲ್ಲಿ ಈವ್ ಸಾಂ ಲೊರಾಂ ಪ್ಯಾರಿಸ್‌ನಲ್ಲಿ ‘ರೀವ್ ಗೋಷ್’ ಅಂಗಡಿ ತೆರೆದಾಗ ಆದದ್ದು ಇದೇ. ಕೂತ್ಯೂರ್‌ನಲ್ಲಿ ಹೆಸರು ಮಾಡಿದವರ ಉಡುಪು ಅಳತೆ ಕೊಡದೆಯೇ ಸಿಗತೊಡಗಿತು.

ಫಾಸ್ಟ್ ಫ್ಯಾಷನ್‌ನಲ್ಲಿ ಆ ಆರು ತಿಂಗಳ ಕಾಯುವಿಕೆಯೇ ಇಲ್ಲ. ಸ್ಪೇನಿನ ಝಾರಾ ನೋಡಿ. ಸ್ವಲ್ಪ ಸ್ವಲ್ಪವೇ ಹೊಲಿಸಿ ಅಂಗಡಿಗೆ ಇಳಿಸುತ್ತಾರೆ. ಓಡಿದ್ದನ್ನು ಕೆಲವೇ ವಾರಗಳಲ್ಲಿ ಮತ್ತೆ ಹೊಲಿಸುತ್ತಾರೆ, ಓಡದ್ದನ್ನು ಕೈಬಿಡುತ್ತಾರೆ. ಅಂಗಡಿಯ ಗಾಜೇ ಅಲ್ಲಿ ವೇದಿಕೆ.

– ಟಿ.ಎನ್., ಬೆಂಗಳೂರು

---

ದೆಹಲಿಯ ರಾಹುಲ್ ಮಿಶ್ರಾ 2020ರಲ್ಲಿ ಪ್ಯಾರಿಸ್ ಕೂತ್ಯೂರ್ ವಾರದಲ್ಲೇ ತೋರಿಸಿದರಲ್ಲ? ಅವರ ಕಸೂತಿ ಆಗುವುದು ಭಾರತದಲ್ಲಿ.

– ಎಂ.ಕೆ.

---

ಅವರು ಹೋದದ್ದು ಆಹ್ವಾನಿತರಾಗಿ. ಆ ಸಾಲು ಬೇರೆ ಇದೆ. ಆದರೆ ಕೆಲಸವನ್ನೇ ನೋಡಿ ಹೆಸರಿಡುವುದಾದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ.

– ಟಿ.ಎನ್.

---

ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದೆ. ಎರಡನೆಯದು, ಮೂರನೆಯದು ಎರಡೂ ಒಂದೇ ಲೈನಿನಲ್ಲಿ ಓಡುತ್ತಿದ್ದವು. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತೇವೆ. ಒಬ್ಬಳು ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಬಂಡಲ್ ಮುಂದಕ್ಕೆ ಹೋಗುತ್ತದೆ. ಬೇರೆ ಇದ್ದದ್ದು ಬಟ್ಟೆಯ ಗುಣ ಮತ್ತು ಕೈಯಲ್ಲಿದ್ದ ದಿನ.

ಅದು ಗೊತ್ತಾಗಬೇಕಾದರೆ ಚೌಕಳಿ ಶರ್ಟ್ ತೆಗೆದುಕೊಳ್ಳಿ. ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಕೂಡಿಸಲು ಬಟ್ಟೆ ಜಾಸ್ತಿ ಬೇಕು, ಹೊತ್ತೂ ಬೇಕು. ದಿನ ಕಮ್ಮಿ ಇದ್ದರೆ ಮೊದಲು ಬಿಡುವುದು ಅದನ್ನೇ. ಆಮೇಲೆ ಒಳಮಗ್ಗಲು ತಿರುಗಿಸಿ. ಅಂಚಿಗೇ ಓವರ್‌ಲಾಕ್ ಹೊಡೆದಿದ್ದರೆ ಬಿಚ್ಚಿ ಸಡಿಲ ಮಾಡಲು ಏನೂ ಉಳಿದಿರುವುದಿಲ್ಲ. ಜಿ.ವಿ. ಅವರ ಎರಡು ಬೆರಳು ಅಲ್ಲಿ ಸಿಗುವುದಿಲ್ಲ. ಟೀ ಶರ್ಟಿಗೆ ಮಾತ್ರ ಈ ಪರೀಕ್ಷೆ ನಡೆಯದು, ಅದಕ್ಕೆ ದುಬಾರಿಯದ್ದರಲ್ಲೂ ಓವರ್‌ಲಾಕೇ.

– ಆರ್., ಬೆಂಗಳೂರು

---

ಎಲ್ಲರಿಗೂ ಧನ್ಯವಾದ. ‘ಓತ್ ಕೂತ್ಯೂರ್’ ಹೆಸರು ಹಾಗೇ ಇರಲಿ. ದಾವಣಗೆರೆ ಬ್ಲೌಸಿನಂಥದ್ದಕ್ಕೆ ‘ಅಳತೆ ಉಡುಪು’ ಅನ್ನುತ್ತೇನೆ. ಎರಡನೆಯದು ‘ಸಿದ್ಧ ಉಡುಪು’. ಮೂರನೆಯದಕ್ಕೆ ‘ದಿಢೀರ್ ಫ್ಯಾಷನ್’ ಹೇಗೆ?

– ಎಸ್.ಆರ್.

---

‘ದಿಢೀರ್’ ಅಂದರೆ ದಿಢೀರ್ ಇಡ್ಲಿ ಹಿಟ್ಟಿನ ಹಾಗೆ ತೊಡುವವರಿಗೆ ಬೇಗ ಆಗುವುದು ಅನ್ನಿಸುತ್ತದೆ. ಇಲ್ಲಿ ಅವಸರ ಹೊಲಿಸುವವರದ್ದು. ನನಗೆ ಒಪ್ಪಿಗೆಯಿಲ್ಲ.

– ಟಿ.ಎನ್.

---

ನಮ್ಮ ಲೈನಿನಲ್ಲಿ ಅಂಥದ್ದಕ್ಕೆ ‘ಅರ್ಜೆಂಟ್ ಪೀಸು’ ಅಂತಿದ್ದೆವು.

– ಆರ್.